ಸೋತಾಗ ಡಬಲ್ ಹಾಕುವುದೋ, ಅದೇ ಲಾಟ್‌ನಲ್ಲಿ ನಿಲ್ಲುವುದೋ: ಒಂದೇ ಅಕೌಂಟ್, ಮೂರು ಲೆಕ್ಕ

ಹಬ್ಬಕ್ಕೆ ಊರಿಗೆ ಹೋಗಿದ್ದಾಗ ನನ್ನ ಹೆಂಡತಿಯ ತಮ್ಮ ಊಟ ಮುಗಿಸಿ ಪಕ್ಕದಲ್ಲಿ ಕೂತು ಮೊಬೈಲ್ ಮುಂದೆ ಹಿಡಿದ. "ಭಾವ, ಇದನ್ನ ನೋಡಿ. ಆರು ವಾರ ಆಯ್ತು, ಒಂದು ದಿನವೂ ಲಾಸ್‌ನಲ್ಲಿ ಮುಗಿಸಿಲ್ಲ."

ನೋಡಿದೆ. ಲಾಭದ ಅಂಕಿ ದಿನಾ ಹಸಿರು. ಆದರೆ ನನ್ನ ಕಣ್ಣು ಹೋದದ್ದು ಪಕ್ಕದ ಕ್ವಾಂಟಿಟಿ ಕಾಲಂಗೆ. 75, 150, 300, 600, ಆಮೇಲೆ ಮತ್ತೆ 75. ಆ ದಿನ ಮೊದಲ ಮೂರು ಟ್ರೇಡ್ ಸೋತು ನಾಲ್ಕನೆಯದರಲ್ಲಿ ಗೆದ್ದಿದ್ದ.

"ಈ ಆರುನೂರೂ ಹೋಗಿದ್ರೆ ಏನ್ ಮಾಡ್ತಿದ್ದೆ?"

"ಸಾವಿರದ ಇನ್ನೂರು ಹಾಕ್ತಿದ್ದೆ. ಯಾವತ್ತೋ ಒಂದು ಗೆಲ್ಲಲೇಬೇಕಲ್ಲ ಭಾವ?"

ಅಂದರ್-ಬಾಹರ್ ಆಡುವ ಕಡೆ ಕೂತವರೆಲ್ಲ ಕೇಳಿರುವ ಮಾತು ಇದು. ಹೋದಷ್ಟಕ್ಕೆ ಡಬಲ್ ಕಟ್ಟು, ಒಂದು ಸಲ ಬಂದರೆ ಎಲ್ಲ ವಾಪಸ್, ಮೇಲೆ ಮೊದಲ ಪಣದಷ್ಟು ಲಾಭ. ಹದಿನೆಂಟನೇ ಶತಮಾನದ ಫ್ರಾನ್ಸಿನ ಜೂಜುಕೋರರು ಇದನ್ನು ಮಾರ್ಟಿಂಗೇಲ್ ಎಂದು ಕರೆದರು. ಈಗ ಅದೇ ಸರಕು ನಿಫ್ಟಿ ಆಪ್ಷನ್‌ಗೆ "ರಿಕವರಿ ಸಿಸ್ಟಂ" ಎಂಬ ಹೆಸರಲ್ಲಿ ಬರುತ್ತಿದೆ. ಅವನಿಗೆ ಅವತ್ತು ಹಾಳೆಯ ಮೇಲೆ ಬರೆದು ತೋರಿಸಿದ ಲೆಕ್ಕವನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಕೊಡುತ್ತೇನೆ. ಡಬಲ್ ಹಾಕುವುದು, ಯಾವಾಗಲೂ ಒಂದೇ ಲಾಟ್ ಹಾಕುವುದು, ಅಕೌಂಟಿನ ಶೇಕಡಾವಾರು ಲೆಕ್ಕದಲ್ಲಿ ಹಾಕುವುದು: ಈ ಮೂರರಲ್ಲಿ ಯಾವುದನ್ನು ಹಿಡಿಯಬೇಕು ಎಂಬುದು ಪ್ರಶ್ನೆ.

ಲೆಕ್ಕಕ್ಕೆ ಒಂದು ಅಕೌಂಟ್

ಅಕೌಂಟಿನಲ್ಲಿ ₹3,00,000 ಇದೆ ಎಂದುಕೊಳ್ಳಿ. ಎಕ್ಸ್‌ಪೈರಿ ಹತ್ತಿರ ಇರುವ, ₹40 ಪ್ರೀಮಿಯಂನ ನಿಫ್ಟಿ ಆಪ್ಷನ್ ಕೊಳ್ಳುತ್ತೀರಿ. ₹20 ಇಳಿದರೆ ಸ್ಟಾಪ್‌ಲಾಸ್, ₹20 ಏರಿದರೆ ಟಾರ್ಗೆಟ್. ಆಪ್ಷನ್ ಬಿಡಿಯಾಗಿ ಸಿಗುವುದಿಲ್ಲ, ಲಾಟ್ ಎಂಬ ಕಟ್ಟಿನಲ್ಲೇ ಕೊಳ್ಳಬೇಕು. ಲಾಟ್ ಗಾತ್ರವನ್ನು ಎಕ್ಸ್‌ಚೇಂಜ್ ಆಗಾಗ ಬದಲಿಸುತ್ತದೆ. 2024ರಲ್ಲಿ ಒಮ್ಮೆ 25 ಇದ್ದದ್ದು ಆ ವರ್ಷದ ಕೊನೆಗೆ 75 ಆಯಿತು. ನಾನು 75 ಹಿಡಿದಿದ್ದೇನೆ. ಹಾಗಾಗಿ ಒಂದು ಲಾಟ್ ಕೊಳ್ಳಲು ₹3,000 ಬೇಕು, ಸೋತರೆ ₹1,500 ಹೋಗುತ್ತದೆ, ಗೆದ್ದರೆ ₹1,500 ಬರುತ್ತದೆ. ಸೋಲು-ಗೆಲುವಿನ ಸಾಧ್ಯತೆ ಸರಿಸಮ ಎಂದೂ ಇಟ್ಟುಕೊಳ್ಳೋಣ. ಇದು ಉದಾರವಾದ ಊಹೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ 2021-22ರಿಂದ 2023-24ರ ತನಕದ ಮೂರು ವರ್ಷಗಳಲ್ಲಿ ಎಫ್ ಆಂಡ್ ಓ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್, ಮಾಡಿದ ಬಿಡಿ ಟ್ರೇಡರ್‌ಗಳಲ್ಲಿ ಶೇ. 93ರಷ್ಟು ಜನ ಹಣ ಕಳೆದುಕೊಂಡಿದ್ದರು.

ಡಬಲ್ ಹಾಕುವವನ ಏಣಿ

| ಮೆಟ್ಟಿಲು | ಲಾಟ್ | ಕೊಳ್ಳಲು ಬೇಕಾದ ಹಣ (₹) | ಸೋತರೆ ಹೋಗುವುದು (₹) | ಅಲ್ಲಿವರೆಗೆ ಒಟ್ಟು ಹೋದದ್ದು (₹) |
|---|---|---|---|---|
| 1 | 1 | 3,000 | 1,500 | 1,500 |
| 2 | 2 | 6,000 | 3,000 | 4,500 |
| 3 | 4 | 12,000 | 6,000 | 10,500 |
| 4 | 8 | 24,000 | 12,000 | 22,500 |
| 5 | 16 | 48,000 | 24,000 | 46,500 |
| 6 | 32 | 96,000 | 48,000 | 94,500 |
| 7 | 64 | 1,92,000 | 96,000 | 1,90,500 |

ಎಂಟನೇ ಮೆಟ್ಟಿಲಿಗೆ 128 ಲಾಟ್, ಅಂದರೆ ₹3,84,000 ಬೇಕು. ಅಕೌಂಟಿನಲ್ಲಿ ಉಳಿದಿರುವುದು ₹1,09,500. ಏಣಿ ಅಲ್ಲಿಗೆ ಮುಗಿಯಿತು.

ಈ ಏಣಿ ಹತ್ತುವವರು ಸಾಮಾನ್ಯವಾಗಿ ನೋಡುವುದು ಒಂದೇ ಅಂಶವನ್ನು: ಸತತ ಏಳು ಸೋಲು ಬರುವ ಸಾಧ್ಯತೆ 128ರಲ್ಲಿ ಒಂದು. ಕೇಳಿದರೆ ತುಂಬ ದೂರದ ಮಾತು ಅನ್ನಿಸುತ್ತದೆ. ಈಗ ಇನ್ನೊಂದು ಬದಿ ನೋಡಿ. ಮೊದಲ ಟ್ರೇಡ್‌ನಿಂದ ಗೆಲ್ಲುವ ತನಕ, ಇಲ್ಲವೇ ಏಳೂ ಸೋಲುವ ತನಕದ್ದನ್ನು ಒಂದು ಸರದಿ ಎನ್ನೋಣ. 128 ಸರದಿಗಳಲ್ಲಿ ಸರಾಸರಿ 127 ಗೆಲ್ಲುತ್ತವೆ. ಎಷ್ಟನೇ ಮೆಟ್ಟಿಲಲ್ಲಿ ಗೆದ್ದರೂ ಕೈಗೆ ಬರುವುದು ₹1,500 ಮಾತ್ರ. 127 ಸಲ ₹1,500 ಅಂದರೆ ₹1,90,500. ಉಳಿದ ಒಂದು ಸರದಿಯಲ್ಲಿ ಹೋಗುವುದೂ ₹1,90,500. ರೂಪಾಯಿಗೆ ರೂಪಾಯಿ ಸರಿ.

ಇದು ಕಾಕತಾಳೀಯವಲ್ಲ. ಏಣಿ ಐದು ಮೆಟ್ಟಿಲಿನದ್ದಾದರೂ ಹತ್ತು ಮೆಟ್ಟಿಲಿನದ್ದಾದರೂ ಲೆಕ್ಕ ಹೀಗೇ ಕೂಡುತ್ತದೆ, ಏಕೆಂದರೆ ಸರಿಸಮ ಸಾಧ್ಯತೆಯ ಟ್ರೇಡ್‌ಗಳನ್ನು ಯಾವ ಅಳತೆಯಲ್ಲಿ ಜೋಡಿಸಿದರೂ ಮೊತ್ತ ಸೊನ್ನೆಯೇ. ಡಬಲ್ ಮಾಡುವುದರಿಂದ ನಷ್ಟ ಕಡಿಮೆಯಾಗುವುದಿಲ್ಲ. ಸಣ್ಣ ಸಣ್ಣ ನಷ್ಟಗಳೆಲ್ಲ ಒಂದು ಕಡೆ ಗುಡ್ಡೆಯಾಗಿ, ಯಾವತ್ತೋ ಒಂದು ಮಧ್ಯಾಹ್ನ ಒಟ್ಟಿಗೆ ಬರುತ್ತವೆ. ಹಸಿರು ದಿನಗಳು ಆ ಮಧ್ಯಾಹ್ನದ ಸಾಲದಲ್ಲಿ ಬಂದವು.

ಯಾವಾಗ ಬರುತ್ತದೆ?

ಒಂದು ಸರದಿಗೆ ಸರಾಸರಿ ಎರಡು ಟ್ರೇಡ್ ಬೇಕಾಗುತ್ತದೆ. ದಿನಕ್ಕೆ ನಾಲ್ಕು ಟ್ರೇಡ್ ಮಾಡುವವನಿಗೆ ದಿನಕ್ಕೆ ಎರಡು ಸರದಿ, ತಿಂಗಳಿಗೆ ಸುಮಾರು ನಲವತ್ತು. ನಲವತ್ತೂ ಗೆದ್ದರೆ ₹60,000, ಅಂದರೆ ತಿಂಗಳಿಗೆ ಶೇ. 20. ಟೆಲಿಗ್ರಾಂ ಚಾನೆಲ್‌ಗಳಲ್ಲಿ ಓಡಾಡುವ ಸ್ಕ್ರೀನ್‌ಶಾಟಿನ ಅಂಕಿ ಇಂಥದ್ದೇ.

ಮೊದಲ ತಿಂಗಳಲ್ಲೇ ಏಣಿ ಮುರಿಯುವ ಸಾಧ್ಯತೆ ನೂರಕ್ಕೆ 27. ಎರಡು ತಿಂಗಳು ದಾಟಿ ಮೂರನೆಯದಕ್ಕೆ ಕಾಲಿಟ್ಟ ಸ್ವಲ್ಪದರಲ್ಲೇ ಅದು ಅರ್ಧಕ್ಕೆ ಅರ್ಧ. ವರ್ಷ ಪೂರ್ತಿ ಉಳಿಯುವವರು ನೂರಕ್ಕೆ ಇಬ್ಬರೋ ಮೂವರೋ. ನನ್ನ ಬಾಮೈದ ಆರು ವಾರ ಉಳಿದದ್ದರಲ್ಲಿ ಪವಾಡ ಏನಿಲ್ಲ. ಇದೇ ಏಣಿ ಹತ್ತಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಷ್ಟು ದಿನ ಉಳಿದಿರುತ್ತಾರೆ. ಅವರೇ ಸ್ಕ್ರೀನ್‌ಶಾಟ್ ಹಾಕುವವರು. ಮುರಿದವರು ಗುಂಪಿನಿಂದ ಸದ್ದಿಲ್ಲದೆ ಎದ್ದುಹೋಗಿರುತ್ತಾರೆ.

ಇಷ್ಟೂ ನಾಣ್ಯ ಚಿಮ್ಮಿದ ಹಾಗೆ ಪ್ರತಿ ಟ್ರೇಡ್ ಹಿಂದಿನದರ ಹಂಗಿಲ್ಲದೆ ನಡೆದರೆ. ಮಾರ್ಕೆಟ್‌ನಲ್ಲಿ ಸೋಲುಗಳು ಜೊತೆಜೊತೆಯಾಗಿ ಬರುತ್ತವೆ. ಬ್ರೇಕೌಟ್ ನೋಡಿ ಕೊಳ್ಳುವವನ ಪಾಲಿಗೆ ನಿಫ್ಟಿ ಒಂದೇ ಪಟ್ಟಿಯೊಳಗೆ ಓಲಾಡುವ ದಿನ ಬಂತೆಂದರೆ ಮೇಲೆ ಹೋಗುತ್ತೆ ಅಂದಾಗ ಇಳಿಯುತ್ತೆ, ಇಳಿಯುತ್ತೆ ಅಂದಾಗ ಏರುತ್ತೆ. ಬೆಳಿಗ್ಗೆ ಸೋಲಿಸಿದ ಕಾರಣವೇ ಮಧ್ಯಾಹ್ನವೂ ಅಲ್ಲೇ ಕೂತಿರುತ್ತದೆ. "ನಾಲ್ಕು ಸೋತಾಯ್ತು, ಇನ್ನು ಗೆಲುವಿನ ಸರದಿ" ಎಂಬ ನಂಬಿಕೆಗೆ ಅಲ್ಲಿ ಬೆಲೆಯಿಲ್ಲ. ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ 1913ರ ಆಗಸ್ಟ್ 18ರಂದು ರೂಲೆಟ್ ಚೆಂಡು ಸತತ 26 ಸಲ ಕಪ್ಪಿಗೇ ಬಿತ್ತು. ಕೆಂಪು ಬರಲೇಬೇಕು ಎಂದು ಪಣ ಏರಿಸುತ್ತ ಹೋದವರು ಅಂದು ಭಾರಿ ಹಣ ಕಳೆದುಕೊಂಡರು.

ಗೆದ್ದರೂ ಸೋಲುವ ಮೆಟ್ಟಿಲು

ಕಾಗದದ ಲೆಕ್ಕದಲ್ಲಿ ಕಾಣದ, ಕಾಂಟ್ರಾಕ್ಟ್ ನೋಟ್‌ನಲ್ಲಿ ಮಾತ್ರ ಕಾಣುವ ಇನ್ನೊಂದು ಸಂಗತಿ ಇದೆ. ಏಳನೇ ಮೆಟ್ಟಿಲಲ್ಲಿ 64 ಲಾಟ್ ಅಂದರೆ 4,800 ಕ್ವಾಂಟಿಟಿ. ಒಂದು ಆರ್ಡರ್‌ಗೆ ಎಕ್ಸ್‌ಚೇಂಜ್ ಇಟ್ಟಿರುವ ಮಿತಿಯನ್ನು ಇದು ದಾಟಿದರೆ ತುಂಡು ಮಾಡಿ ಹಾಕಬೇಕು. ಮೊದಲ ತುಂಡು 40ಕ್ಕೆ ಸಿಕ್ಕರೆ ಮುಂದಿನದು 40.30ಕ್ಕೆ, ಅದರ ಮುಂದಿನದು 40.90ಕ್ಕೆ. ಕೊಳ್ಳುವಾಗ ಸರಾಸರಿ ಐವತ್ತು ಪೈಸೆ, ಮಾರುವಾಗ ಐವತ್ತು ಪೈಸೆ ಜಾರಿತು ಎಂದಿಟ್ಟುಕೊಳ್ಳಿ. ಯೂನಿಟ್‌ಗೆ ಒಂದು ರೂಪಾಯಿ, ಒಟ್ಟು ₹4,800. ಸರದಿ ಗೆದ್ದದ್ದಕ್ಕೆ ಬರಬೇಕಾಗಿದ್ದ ಲಾಭ ₹1,500. ಟಾರ್ಗೆಟ್ ಮುಟ್ಟಿದರೂ ₹3,300 ಕೈಬಿಟ್ಟಿತು. ಎಸ್‌ಟಿಟಿ, ಬ್ರೋಕರೇಜ್, ಜಿಎಸ್‌ಟಿ ಇನ್ನೂ ಸೇರಿಸಿಲ್ಲ.

ಇದೇ ಒಂದು ರೂಪಾಯಿಯ ಲೆಕ್ಕದಲ್ಲಿ ಆರನೇ ಮೆಟ್ಟಿಲಲ್ಲೂ ₹2,400 ಜಾರುತ್ತದೆ. ಅಂದರೆ ಐದನೆಯದು ದಾಟಿದ ಮೇಲೆ ಗೆಲುವು ಬಂದರೂ ಸರದಿ ನಷ್ಟದಲ್ಲೇ ಮುಗಿಯುತ್ತದೆ. ಒಂದು ಗೆದ್ದರೆ ಎಲ್ಲ ವಾಪಸ್ ಎಂಬ ಮೂಲ ಮಾತೇ ಮೇಲಿನ ಮೆಟ್ಟಿಲುಗಳಲ್ಲಿ ಸುಳ್ಳಾಗುತ್ತದೆ. ₹96,000 ಒಡ್ಡಿ ₹1,500ಕ್ಕೆ ಕಾಯುವುದು ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ; ಇಲ್ಲಿ ಆ ಇಲಿಯೂ ತಪ್ಪಿಸಿಕೊಳ್ಳುತ್ತದೆ.

ದುಡ್ಡು ಜಾಸ್ತಿ ಇದ್ದರೆ?

ಬಾಮೈದ ಕೇಳಿದ್ದೂ ಇದನ್ನೇ. "ಮೂರು ಲಕ್ಷ ಕಮ್ಮಿ ಆಯ್ತು ಅನ್ನಿ. ಜಾಸ್ತಿ ಹಾಕಿದ್ರೆ?"

ಬಂಡವಾಳ ಡಬಲ್ ಮಾಡಿದರೆ ಸಿಗುವುದು ಒಂದೇ ಒಂದು ಹೆಚ್ಚಿನ ಮೆಟ್ಟಿಲು. ಆರು ಲಕ್ಷ ಇಟ್ಟರೆ ಎಂಟು ಮೆಟ್ಟಿಲು, ಆದರೆ ತಿಂಗಳ ಗಳಿಕೆ ಅದೇ ₹60,000, ಹಾಗಾಗಿ ಶೇ. 20 ಇದ್ದದ್ದು ಶೇ. 10 ಆಯಿತು. ಒಂದು ಕೋಟಿ ಇಟ್ಟರೆ ಹನ್ನೆರಡು ಮೆಟ್ಟಿಲು. ಆಗ ತಿಂಗಳಿಗೆ ಶೇ. 0.6, ವರ್ಷಕ್ಕೆ ಶೇ. 7ರ ಆಸುಪಾಸು. ಬ್ಯಾಂಕಿನಲ್ಲಿ ಎಫ್‌ಡಿ ಮಾಡಿದವನಿಗೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ, ಅವನು ಕೊನೇ ಮೆಟ್ಟಿಲಲ್ಲಿ ಒಂದು ಟ್ರೇಡ್‌ಗೆ ₹61 ಲಕ್ಷ ಕಟ್ಟಬೇಕಾಗಿಲ್ಲ.

ಬೇರಿಂಗ್ಸ್ ಬ್ಯಾಂಕಿನ ಕಥೆ ಇಲ್ಲಿ ನೆನಪಾಗುತ್ತದೆ. 1762ರಲ್ಲಿ ಶುರುವಾದ ಲಂಡನ್ ಬ್ಯಾಂಕ್ ಅದು. ಅದರ ಸಿಂಗಾಪುರ ಶಾಖೆಯ ನಿಕ್ ಲೀಸನ್ ತನ್ನ ನಷ್ಟಗಳನ್ನು 88888 ಎಂಬ ಅಕೌಂಟಿನಲ್ಲಿ ಬಚ್ಚಿಟ್ಟು, ಹೋದದ್ದನ್ನು ಹಿಂದಕ್ಕೆ ತರಲು ಪೊಸಿಷನ್ ಹಿಗ್ಗಿಸುತ್ತ ಹೋದ. ಪ್ರತಿ ಸೋಲಿಗೂ ಕರಾರುವಾಕ್ಕಾಗಿ ಎರಡರಷ್ಟು ಎಂಬ ನಿಯಮ ಅವನದಾಗಿರಲಿಲ್ಲ, ಆದರೆ ಸ್ವಭಾವ ಅದೇ. 1992ರ ಕೊನೆಗೆ ಆ ಅಕೌಂಟಿನ ನಷ್ಟ 20 ಲಕ್ಷ ಪೌಂಡ್. 1993ರ ಕೊನೆಗೆ 2.3 ಕೋಟಿ. 1994ರ ಕೊನೆಗೆ 20.8 ಕೋಟಿ. 1995ರ ಜನವರಿ 17ರಂದು ಕೋಬೆಯಲ್ಲಿ ಭೂಕಂಪವಾಗಿ ಜಪಾನಿನ ನಿಕ್ಕೇ ಸೂಚ್ಯಂಕ ಕುಸಿಯಿತು. ಅವನು ಅದು ಏರುತ್ತದೆಂದು ಇನ್ನಷ್ಟು ಫ್ಯೂಚರ್ಸ್ ಕೊಂಡ. ಫೆಬ್ರವರಿ ಕೊನೆಗೆ ನಷ್ಟ 82.7 ಕೋಟಿ ಪೌಂಡ್ ಮುಟ್ಟಿ ಬ್ಯಾಂಕೇ ಮುಳುಗಿತು. ಡಚ್ಚರ ಐಎನ್‌ಜಿ ಅದನ್ನು ಒಂದು ಪೌಂಡಿಗೆ ಕೊಂಡಿತು. ಇಷ್ಟೂ ದಿನ ಮಾರ್ಜಿನ್‌ಗೆ ಬೇಕಾದ ಹಣ ಲಂಡನ್‌ನಿಂದ ಬರುತ್ತಲೇ ಇತ್ತು. ಕೇಳಿದಾಗೆಲ್ಲ ಹಣ ಸಿಕ್ಕದ್ದರಿಂದಲೇ ಏಣಿ ಅಷ್ಟು ಎತ್ತರ ಬೆಳೆಯಿತು.

ಉಳಿದ ಎರಡು ದಾರಿ

ಯಾವಾಗಲೂ ಒಂದೇ ಲಾಟ್ ಹಾಕುವವನಿಗೆ ಅದೇ ಏಳು ಸತತ ಸೋಲು ಬಂದರೆ ಹೋಗುವುದು ₹10,500, ಅಂದರೆ ಶೇ. 3.5. ಅದನ್ನು ತುಂಬಿಕೊಳ್ಳಲು ಉಳಿದ ಹಣದ ಮೇಲೆ ಶೇ. 3.6 ಗಳಿಸಿದರೆ ಸಾಕು. ಡಬಲ್ ಹಾಕಿದವನ ಕೈಯಲ್ಲಿ ಉಳಿದ ₹1,09,500 ಮತ್ತೆ ಮೂರು ಲಕ್ಷವಾಗಲು ಶೇ. 174 ಗಳಿಸಬೇಕು. ಒಂದೇ ಲಾಟ್‌ನವನ ಕಷ್ಟ ಬೇರೆ ಥರದ್ದು: ಅವನ ಲೆಡ್ಜರಿನಲ್ಲಿ ಕೆಂಪು ಟ್ರೇಡ್‌ಗಳು ಸುಮಾರು ಅರ್ಧ ಇರುತ್ತವೆ, ಅದನ್ನು ದಿನಾ ನೋಡಬೇಕು. ಬಹಳ ಜನ ಡಬಲ್ ಕಡೆಗೆ ಹೋಗುವುದು ದುರಾಸೆಗಿಂತ ಹೆಚ್ಚಾಗಿ ಈ ಕೆಂಪು ತಡೆಯಲಾರದೆ ಎಂಬುದು ನನ್ನ ಅನಿಸಿಕೆ.

ಶೇಕಡಾವಾರು ದಾರಿಯಲ್ಲಿ ಪ್ರತಿ ಟ್ರೇಡ್‌ಗೂ ಆ ಹೊತ್ತಿನ ಬ್ಯಾಲೆನ್ಸ್‌ನ ಶೇ. 1ರಷ್ಟು ಮಾತ್ರ ಅಪಾಯಕ್ಕೆ ಒಡ್ಡುತ್ತೀರಿ. ಸೋತಾಗ ಪಣ ತಾನಾಗಿ ಸಣ್ಣದಾಗುತ್ತದೆ, ಗೆದ್ದಾಗ ಬೆಳೆಯುತ್ತದೆ. ಮಾರ್ಟಿಂಗೇಲ್‌ಗೆ ಸರಿಯಾಗಿ ತಿರುಗುಮುರುಗು. ಏಳು ಸತತ ಸೋಲಿಗೆ ಹೋಗುವುದು ಸುಮಾರು ₹20,400. ಪುಸ್ತಕದಲ್ಲಿ ಇದೇ ಉತ್ತಮ ಎಂದು ಬರೆದಿರುತ್ತದೆ, ನಾನೂ ಒಪ್ಪುತ್ತೇನೆ, ಆದರೆ ನಮ್ಮ ಸಣ್ಣ ಅಕೌಂಟ್‌ಗಳಲ್ಲಿ ಒಂದು ತೊಡಕು ಇದೆ. ಲಾಟ್ ಅನ್ನು ಅರ್ಧ ಮಾಡಲು ಬರುವುದಿಲ್ಲ. ಮೂರು ಲಕ್ಷದ ಶೇ. 1 ಅಂದರೆ ₹3,000, ಎರಡು ಲಾಟ್. ಮೊದಲ ಸೋಲಿನ ನಂತರ ಶೇ. 1 ಅಂದರೆ ₹2,970. ಅದಕ್ಕೆ ಎರಡು ಲಾಟ್ ಬರುವುದಿಲ್ಲ, ಒಂದಕ್ಕೇ ಇಳಿಯಬೇಕು. ಆಮೇಲೆ ಮತ್ತೆ ಮೂರು ಲಕ್ಷ ಮುಟ್ಟುವ ತನಕ ಒಂದೇ ಲಾಟ್. ಹಾಗಾಗಿ ಹತ್ತು-ಹನ್ನೆರಡು ಲಕ್ಷದ ಕೆಳಗಿನ ಅಕೌಂಟಿಗೆ ಆಪ್ಷನ್‌ನಲ್ಲಿ ಈ ಎರಡು ದಾರಿಗಳ ವ್ಯತ್ಯಾಸ ಹೆಸರಿಗೆ ಮಾತ್ರ. ಷೇರುಗಳನ್ನೇ ಕೊಳ್ಳುವವರಿಗೆ, 37 ಷೇರು 36 ಷೇರು ಎಂದು ಬಿಡಿಬಿಡಿಯಾಗಿ ಅಳೆಯಬಹುದಾದ್ದರಿಂದ, ಶೇಕಡಾವಾರು ಚೆನ್ನಾಗಿ ಹೊಂದುತ್ತದೆ.

ಗೆದ್ದಾಗ ಡಬಲ್ ಮಾಡುವ ನಾಲ್ಕನೆಯದೊಂದನ್ನೂ ಕೆಲವರು ಹೇಳುತ್ತಾರೆ. ಅದರಲ್ಲಿ ಅಕೌಂಟ್ ಸಾಯುವುದಿಲ್ಲ, ಆದರೆ ಸರಿಯಾದ ಜಾಗದಲ್ಲಿ ನಿಲ್ಲಿಸದಿದ್ದರೆ ಒಂದು ಸೋಲು ಹಿಂದಿನ ಗೆಲುವುಗಳನ್ನೆಲ್ಲ ಒಯ್ಯುತ್ತದೆ. ಎರಡರಷ್ಟರ ಬದಲು ಒಂದೂವರೆಯಷ್ಟು ಏರಿಸುವ "ಸಾಫ್ಟ್" ಏಣಿ ಮೆಟ್ಟಿಲುಗಳನ್ನು ಗಿಡ್ಡ ಮಾಡುತ್ತದೆ, ಆದರೆ ಎರಡು ಸೋತ ಮೇಲೆ ಒಂದೇ ಗೆಲುವಿಗೆ ಹೋದದ್ದೆಲ್ಲ ವಾಪಸ್ ಬರುವುದೂ ಇಲ್ಲ.

ನನಗೆ ಗೆಲ್ಲುವ ಸೆಟಪ್ ಇದೆ ಅನ್ನುವವರಿಗೆ

ಇದು ನ್ಯಾಯವಾದ ಆಕ್ಷೇಪ. ನಿಜವಾಗಿ ನೂರಕ್ಕೆ 55 ಗೆಲ್ಲುವ ಸೆಟಪ್ ಇದೆ ಎಂದೇ ಇಟ್ಟುಕೊಳ್ಳೋಣ. ಖರ್ಚು ಬಿಟ್ಟು ನೋಡಿದರೆ ಆಗ ಡಬಲ್ ಏಣಿಯೂ ಸರಾಸರಿಯಲ್ಲಿ ಲಾಭದ್ದೇ. ಆದರೆ ಏಳು ಸತತ ಸೋಲು ಹೋಗಿಬಿಡುವುದಿಲ್ಲ, 268 ಸರದಿಗೆ ಒಮ್ಮೆಯಂತೆ ಬರುತ್ತದೆ. ಸುಮಾರು 185 ಸರದಿಗಳಲ್ಲಿ, ಅಂದರೆ 335 ಟ್ರೇಡ್‌ಗಳಷ್ಟರಲ್ಲಿ, ಏಣಿ ಮುರಿಯುವ ಸಾಧ್ಯತೆ ಅರ್ಧಕ್ಕೆ ಅರ್ಧ. ಅದೇ ಸೆಟಪ್‌ನಲ್ಲಿ ಒಂದೇ ಲಾಟ್ ಹಾಕಿಕೊಂಡು ಬಂದವನು ಅಷ್ಟು ಟ್ರೇಡ್‌ಗೆ ಸರಾಸರಿ ₹50,000ದಷ್ಟು ಮೇಲಿರುತ್ತಾನೆ, ಅಕೌಂಟ್ ಕೈಬಿಡುವ ಭಯ ಹೆಚ್ಚುಕಡಿಮೆ ಇಲ್ಲ. 55ರ ಸೆಟಪ್ ಇರುವವನಿಗೆ ಬೇಕಾದದ್ದು ಸಾವಿರಾರು ಟ್ರೇಡ್ ಮಾಡುವಷ್ಟು ಆಯುಷ್ಯ. ಏಣಿ ಕಿತ್ತುಕೊಳ್ಳುವುದೂ ಅದನ್ನೇ.

ಬೇರೆಯವರು ಮಾರುವ ಸಿಸ್ಟಂನಲ್ಲಿ ಇದನ್ನು ಗುರುತಿಸುವುದು

ಮಾರ್ಟಿಂಗೇಲ್ ಎಂದು ಹೇಳಿ ಯಾರೂ ಮಾರುವುದಿಲ್ಲ. ಗ್ರಿಡ್, ರಿಕವರಿ, ಸ್ಮಾರ್ಟ್ ಆವರೇಜಿಂಗ್, ಝೀರೋ ಲಾಸ್, ಹೀಗೆ ಹೆಸರು. ಬಳಸುವ ಮುಂಚೆ ಟ್ರೇಡ್‌ಬುಕ್ ಕೇಳಿ, ಸ್ಕ್ರೀನ್‌ಶಾಟ್ ಬೇಡ. ಕ್ವಾಂಟಿಟಿ ಕಾಲಂ ಮೇಲೆ ಬೆರಳಿಟ್ಟು ಕೆಳಕ್ಕೆ ಹೋಗಿ. ಸೋತ ಸಾಲಿನ ಮುಂದಿನ ಸಾಲಿನಲ್ಲಿ ಅಂಕಿ ದೊಡ್ಡದಾಗುತ್ತಿದೆಯೇ ನೋಡಿ. ಗೆಲುವಿನ ಪ್ರಮಾಣ ಶೇ. 95ರ ಮೇಲಿದ್ದರೆ ಅತಿ ದೊಡ್ಡ ಒಂದು ನಷ್ಟ ಸರಾಸರಿ ಲಾಭದ ಎಷ್ಟು ಪಟ್ಟು ಎಂದು ಭಾಗಿಸಿ ನೋಡಿ.

ಬೆಳವಣಿಗೆಯ ಗೆರೆ ರೂಲರ್ ಇಟ್ಟು ಎಳೆದ ಹಾಗಿದ್ದರೆ ಅದು ಬಹುಪಾಲು ಬ್ಯಾಲೆನ್ಸ್ ಗೆರೆ, ಅಂದರೆ ಮುಗಿದ ಟ್ರೇಡ್‌ಗಳದ್ದು ಮಾತ್ರ. ಮುಗಿಸದೆ ಹಿಡಿದುಕೊಂಡ ನಷ್ಟ ಅದರಲ್ಲಿ ಕಾಣುವುದಿಲ್ಲ. ಅದೂ ಸೇರಿದ ಈಕ್ವಿಟಿ ಗೆರೆ ತೋರಿಸಿ ಎನ್ನಿ. ವಿದೇಶಿ ಫಾರೆಕ್ಸ್ ಪ್ಲಾಟ್‌ಫಾರಂಗಳಲ್ಲಿ ಚಿನ್ನದ ಮೇಲೆ ಓಡಿಸುವ ರೋಬೋಗಳಲ್ಲಿ ಈ ಕಣ್ಕಟ್ಟು ಮಾಮೂಲು. ಅಂಥ ಪ್ಲಾಟ್‌ಫಾರಂಗಳಲ್ಲಿ ಹಲವು ರಿಸರ್ವ್ ಬ್ಯಾಂಕಿನ ಅಲರ್ಟ್ ಲಿಸ್ಟ್‌ನಲ್ಲಿವೆ ಎಂಬುದನ್ನೂ ನೋಡಿಕೊಳ್ಳಿ. ಹಣ ಕಳಿಸುವುದೇ ಫೆಮಾ ಪ್ರಕಾರ ತಪ್ಪಾಗುತ್ತದೆ.

ಈಗಾಗಲೇ ಏಣಿಯ ಮೇಲಿರುವವರು

ಮೂರನೇ ಮೆಟ್ಟಿಲಲ್ಲಿ ಸೋತು ₹10,500 ಹೋಗಿದ್ದರೆ ಮುಂದಿನ ಟ್ರೇಡ್ ಎಂಟು ಲಾಟ್ ಅಲ್ಲ, ಒಂದೇ. ಆ ₹10,500 ಹಿಂದಕ್ಕೆ ಬರಲು ಸೋಲಿಗಿಂತ ಏಳು ಗೆಲುವು ಹೆಚ್ಚು ಬೇಕು. ಅದಕ್ಕೆ ವಾರಗಳು ಹಿಡಿಯಬಹುದು, ಬರದೆಯೂ ಇರಬಹುದು. ಕೆಲವು ಬ್ರೋಕರ್ ಆಪ್‌ಗಳಲ್ಲಿ ಕಿಲ್ ಸ್ವಿಚ್ ಇರುತ್ತದೆ. ದಿನಕ್ಕೆ ಎರಡು ಸೋತ ಮೇಲೆ ಅದನ್ನು ಒತ್ತಿ ಎಫ್ ಆಂಡ್ ಓ ಸೆಗ್ಮೆಂಟ್ ಮುಚ್ಚಿಬಿಡುವುದು ಮನೋನಿಗ್ರಹಕ್ಕಿಂತ ಸುಲಭ.

ಬಾಮೈದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಒಪ್ಪಿದ ಹಾಗೆ ಕಾಣಲಿಲ್ಲ. ಮೂರು ವಾರ ಬಿಟ್ಟು ಒಂದು ಮಧ್ಯಾಹ್ನ ಫೋನ್ ಬಂತು. "ಭಾವ, ಐದನೇದೂ ಹೋಯ್ತು. ಮೂವತ್ತೆರಡು ಲಾಟ್ ಆರ್ಡರ್ ಟೈಪ್ ಮಾಡಿ ಇಟ್ಕೊಂಡಿದೀನಿ."

"ನಲವತ್ತಾರು ಸಾವಿರದ ಐನೂರು ಹೋಗಿದೆ, ಅಲ್ವಾ?"

"ಹೂಂ."

"ಕಳೆದ ಒಂಬತ್ತು ವಾರದಲ್ಲಿ ಎಷ್ಟು ಬಂದಿತ್ತು?"

ಸ್ವಲ್ಪ ಹೊತ್ತು ಸದ್ದಿಲ್ಲ. "ಒಂದು ಲಕ್ಷದ ಮೇಲೆ."

"ಹಾಗಿದ್ರೆ ಇನ್ನೂ ಲಾಭದಲ್ಲೇ ಇದೀಯ. ಈ ಆರ್ಡರ್ ಹೋದ್ರೆ ಅದರಲ್ಲೂ ಬಹುಪಾಲು ಇರಲ್ಲ. ಕ್ಯಾನ್ಸಲ್ ಒತ್ತು, ನಾನು ಲೈನಲ್ಲೇ ಇರ್ತೀನಿ."